ಉಪ್ಪು, ಚಕ್ಕುಲಿ, ಡೀಸೆಲ್: ಯಾವುದಕ್ಕೆ ಎಷ್ಟು ತೆರಿಗೆ ಎಂಬ ಲೆಕ್ಕ

ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 29.84. ಡೀಸೆಲ್ ಮೇಲೆ ಶೇ 21.17. ಇದು 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಏರಿದ ಮೇಲಿನ ಮಾತು. ಅದಕ್ಕೆ ಮುಂಚೆ, 2024ರ ಜೂನ್‌ನಲ್ಲಿ, ಒಂದೇ ದಿನ ಎರಡೂ ಏರಿದ್ದವು: ಪೆಟ್ರೋಲ್ 25.92ರಿಂದ 29.84ಕ್ಕೆ, ಡೀಸೆಲ್ 14.34ರಿಂದ 18.44ಕ್ಕೆ. ಬಂಕಿನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿಯಾಯಿತು, ಟಿ.ವಿ.ಯಲ್ಲಿ ಎರಡು ದಿನ ಗಲಾಟೆಯಾಯಿತು. ಆ ಎರಡೂ ಸಲ ಸರ್ಕಾರ ಕೊಟ್ಟ ಸಮರ್ಥನೆಯಲ್ಲಿ ಒಂದು ಮಾತು ಇದ್ದೇ ಇತ್ತು: ಏರಿಸಿದ ಮೇಲೂ ನಮ್ಮಲ್ಲಿ ಡೀಸೆಲ್ ಅಕ್ಕಪಕ್ಕದ ರಾಜ್ಯಗಳಿಗಿಂತ ಅಗ್ಗ.

ಪಕ್ಕದ ರಾಜ್ಯದ ದರ ನಮಗೇಕೆ? ಎರಡೂ ಇಂಧನವೇ ಆಗಿರುವಾಗ ಒಂದಕ್ಕೆ 29, ಇನ್ನೊಂದಕ್ಕೆ 21 ಏಕೆ? ಅಷ್ಟೇ ಹಣ ಬೇಕಿದ್ದರೆ ಎಲ್ಲದಕ್ಕೂ ಒಂದೇ ದರ ಹಾಕಿ ಕೈತೊಳೆದುಕೊಳ್ಳಬಹುದಲ್ಲ? ಈ ಪ್ರಶ್ನೆಗಳ ಹಿಂದೆ ಸುಮಾರು ನೂರು ವರ್ಷ ಹಳೆಯ ಒಂದು ಲೆಕ್ಕವಿದೆ. ಅರ್ಥಶಾಸ್ತ್ರದವರು ಅದನ್ನು ವಿಲೋಮ ಎಲಾಸ್ಟಿಸಿಟಿ ನಿಯಮ ಎನ್ನುತ್ತಾರೆ. ಹೆಸರು ಭಾರವಾಗಿದ್ದರೂ ಲೆಕ್ಕ ಕಿರಾಣಿ ಅಂಗಡಿಯ ಮಟ್ಟದ್ದು.

ಯಾರ ಜೇಬಿಗೂ ಸೇರದ ನಷ್ಟ

ಊರಿನ ಅಂಗಡಿಯಲ್ಲಿ ಚಕ್ಕುಲಿ ಪೊಟ್ಟಣ 10 ರೂಪಾಯಿ ಎಂದುಕೊಳ್ಳಿ. ಸರ್ಕಾರ ಅದರ ಮೇಲೆ 2 ರೂಪಾಯಿ ತೆರಿಗೆ ಹಾಕಿತು, ಬೆಲೆ 12 ಆಯಿತು. ಚಕ್ಕುಲಿ ಬಿಡಲಾರದವರು 12 ಕೊಟ್ಟು ಒಯ್ಯುತ್ತಾರೆ. ಅವರ ಜೇಬಿನಿಂದ ಹೋದ 2 ರೂಪಾಯಿ ಖಜಾನೆಗೆ ಸೇರುತ್ತದೆ. ಹಣ ಕೈ ಬದಲಾಯಿಸಿತು, ಅಷ್ಟೆ. ಅದರಲ್ಲಿ ರಸ್ತೆಯೋ ಶಾಲೆಯೋ ಆಗಬಹುದು.

ಈಗ ಇನ್ನೊಬ್ಬ ಗಿರಾಕಿಯನ್ನು ನೋಡಿ. ಆತನಿಗೆ ಆ ಪೊಟ್ಟಣ 11 ರೂಪಾಯಿ ಬಾಳುತ್ತದೆ. 10 ಇದ್ದಾಗ ಖುಷಿಯಿಂದ ಕೊಳ್ಳುತ್ತಿದ್ದ. 12 ಎಂದೊಡನೆ ‘ಬೇಡ ಬಿಡಿ’ ಎಂದು ಹೊರಟ. ಇಲ್ಲಿ ಏನಾಯಿತು? ಕೊಳ್ಳದವನಿಂದ ತೆರಿಗೆ ಬರುವುದಿಲ್ಲ, ಹಾಗಾಗಿ ಸರ್ಕಾರಕ್ಕೆ ಸೊನ್ನೆ. ಆತನಿಗೆ 10 ಕೊಟ್ಟು 11ರ ತೃಪ್ತಿ ಪಡೆಯುವ ಅವಕಾಶ ತಪ್ಪಿತು, ಅಂದರೆ 1 ರೂಪಾಯಿ ನಷ್ಟ. ಈ 1 ರೂಪಾಯಿ ಯಾರ ಕೈಗೂ ಹೋಗಲಿಲ್ಲ, ಆವಿಯಾಗಿ ಹೋಯಿತು. ತೆರಿಗೆಯಿಂದ ಆಗುವ ಇಂಥ ನಷ್ಟಗಳೆಲ್ಲ ಸೇರಿದರೆ ಅದಕ್ಕೆ ‘ಹೆಚ್ಚುವರಿ ಹೊರೆ’ ಎಂದು ಹೆಸರು. ತೆರಿಗೆ ಕಟ್ಟಿದವರ ಲೆಕ್ಕ ಇಲಾಖೆಯ ಕಡತದಲ್ಲಿ ಸಿಗುತ್ತದೆ. ಅಂಗಡಿಯಿಂದ ಬರಿಗೈಯಲ್ಲಿ ಹೋದವನ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಈ ನಷ್ಟಕ್ಕೆ ಒಂದು ಕೆಟ್ಟ ಗುಣವಿದೆ. ತೆರಿಗೆ 1 ರೂಪಾಯಿ ಇದ್ದಾಗ ನೂರು ಜನ ಕೊಳ್ಳುವುದನ್ನು ಬಿಟ್ಟರು ಎನ್ನೋಣ. ಅವರಲ್ಲಿ ಕೆಲವರದು 10 ಪೈಸೆ ನಷ್ಟ, ಕೆಲವರದು 90 ಪೈಸೆ. ಸರಾಸರಿ 50 ಪೈಸೆಯಂತೆ ಒಟ್ಟು 50 ರೂಪಾಯಿ. ತೆರಿಗೆ 2 ರೂಪಾಯಿ ಆದರೆ ಬಿಟ್ಟವರು ಇನ್ನೂರು, ಸರಾಸರಿ ನಷ್ಟವೂ 1 ರೂಪಾಯಿ. ಒಟ್ಟು 200. ತೆರಿಗೆ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಲೆ ಏರಿದರೆ ಎಷ್ಟು ಜನ ಹಿಂದೆ ಸರಿಯುತ್ತಾರೆ

ಉಪ್ಪಿನ ಬೆಲೆ ಏರಿದರೆ ಯಾರೂ ಸಾರಿಗೆ ಅರ್ಧ ಉಪ್ಪು ಹಾಕುವುದಿಲ್ಲ. ಚಕ್ಕುಲಿ ಬೆಲೆ ಏರಿದರೆ ಕೋಡುಬಳೆ ಇದೆ, ಮಂಡಕ್ಕಿ ಇದೆ, ಏನೂ ತಿನ್ನದೆಯೂ ಇರಬಹುದು. ಬೆಲೆ ನೂರಕ್ಕೆ ಒಂದರಷ್ಟು ಏರಿದಾಗ ಮಾರಾಟ ನೂರಕ್ಕೆ ಎಷ್ಟು ಇಳಿಯುತ್ತದೆ ಎಂಬ ಅಳತೆಯನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಪಿಯುಸಿ ಪಠ್ಯದಲ್ಲಿ ಓದಿರುತ್ತೀರಿ. ಇಲ್ಲಿ ನಾಲಿಗೆಗೆ ಸುಲಭವಾಗಲೆಂದು ಎಲಾಸ್ಟಿಸಿಟಿ ಎನ್ನುತ್ತೇನೆ. ಬೆಲೆ ಶೇ 10 ಏರಿದಾಗ ಮಾರಾಟ ಶೇ 2 ಮಾತ್ರ ಇಳಿದರೆ ಎಲಾಸ್ಟಿಸಿಟಿ 0.2. ಶೇ 10ರಷ್ಟೇ ಇಳಿದರೆ 1.

ಅಂಕಿ ಚಿಕ್ಕದಾದಷ್ಟೂ ಗಿರಾಕಿ ಗಟ್ಟಿಯಾಗಿ ಅಂಟಿಕೊಂಡಿದ್ದಾನೆ ಎಂದರ್ಥ. ಅಂಟಿಕೊಂಡವನ ಮೇಲೆ ತೆರಿಗೆ ಹಾಕಿದರೆ ಆತ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಆವಿಯಾಗುವ ನಷ್ಟ ಕಡಿಮೆ.

ಇಪ್ಪತ್ತನಾಲ್ಕರ ಹುಡುಗನ ಉತ್ತರ

ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ಪಿಗೂ ಈ ಪ್ರಶ್ನೆಯನ್ನು ಫ್ರಾಂಕ್ ರಾಮ್ಸೆ ಎಂಬ ಗಣಿತಜ್ಞನ ಮುಂದಿಟ್ಟರು. ಸರ್ಕಾರಕ್ಕೆ ಇಂತಿಷ್ಟು ಹಣ ಬೇಕೇ ಬೇಕು. ಅದನ್ನು ಸರಕುಗಳ ಮೇಲಿನ ತೆರಿಗೆಯಿಂದಲೇ ಎತ್ತಬೇಕು. ಒಟ್ಟು ನಷ್ಟ ಕನಿಷ್ಠವಾಗಬೇಕಾದರೆ ಯಾವ ಸರಕಿಗೆ ಎಷ್ಟು ದರ? ರಾಮ್ಸೆ ಉತ್ತರ 1927ರಲ್ಲಿ, ಕೇನ್ಸ್ ಸಂಪಾದಕರಾಗಿದ್ದ ಎಕನಾಮಿಕ್ ಜರ್ನಲ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಮೂರು ವರ್ಷ ಕಳೆಯುವುದರೊಳಗೆ, 1930ರ ಜನವರಿಯಲ್ಲಿ, ತೀರಿಕೊಂಡರು. ಅಷ್ಟರಲ್ಲಿ ತತ್ವಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮೂರರಲ್ಲೂ ಹೆಸರು ಉಳಿಯುವಂಥ ಕೆಲಸ ಮಾಡಿದ್ದರು.

ಅವರ ಉತ್ತರದ ಸರಳ ರೂಪ ಇದು: ಒಂದು ಸರಕಿನ ಬೇಡಿಕೆಗೂ ಇನ್ನೊಂದರ ಬೆಲೆಗೂ ಸಂಬಂಧವಿಲ್ಲದಿದ್ದರೆ, ತೆರಿಗೆ ದರ ಎಲಾಸ್ಟಿಸಿಟಿಗೆ ವಿಲೋಮವಾಗಿರಬೇಕು. ಎಲಾಸ್ಟಿಸಿಟಿ ಐದು ಪಟ್ಟು ಹೆಚ್ಚಿರುವ ಸರಕಿಗೆ ದರ ಐದರಲ್ಲೊಂದು ಭಾಗ.

```
t1 / t2 = e2 / e1
```

ಇಲ್ಲಿ t ಎಂದರೆ ತೆರಿಗೆ ದರ, e ಎಂದರೆ ಎಲಾಸ್ಟಿಸಿಟಿ.

ಅಂಗಡಿಯಲ್ಲಿ ಲೆಕ್ಕ ಹಾಕಿ ನೋಡೋಣ

ಅದೇ ಅಂಗಡಿಯಲ್ಲಿ ಎರಡೇ ಸರಕು. ಉಪ್ಪಿನ ಪೊಟ್ಟಣ 10 ರೂಪಾಯಿ, ತಿಂಗಳಿಗೆ 1,000 ಹೋಗುತ್ತದೆ. ಚಕ್ಕುಲಿಯೂ 10 ರೂಪಾಯಿ, ಅದೂ 1,000. ಉಪ್ಪಿನ ಎಲಾಸ್ಟಿಸಿಟಿ 0.2, ಚಕ್ಕುಲಿಯದು 1. ಇವು ಉದಾಹರಣೆಗೆಂದು ನಾನು ಇಟ್ಟುಕೊಂಡ ಅಂಕಿಗಳು. ತೆರಿಗೆ ಪೂರ್ತಿ ಗಿರಾಕಿಯ ತಲೆಗೇ ಬೀಳುತ್ತದೆ, ಬೆಲೆ ಏರಿದಂತೆ ಮಾರಾಟ ಒಂದೇ ಹದದಲ್ಲಿ ಇಳಿಯುತ್ತದೆ ಎಂದೂ ಇಟ್ಟುಕೊಳ್ಳೋಣ.

ಮೊದಲು ಎರಡಕ್ಕೂ ಸಮನಾಗಿ ಶೇ 20. ತಲಾ 2 ರೂಪಾಯಿ. ಉಪ್ಪಿನ ಮಾರಾಟ ಶೇ 4 ಇಳಿದು 960 ಆಗುತ್ತದೆ, ಖಜಾನೆಗೆ 1,920 ರೂಪಾಯಿ. ಬಿಟ್ಟುಹೋದ 40 ಪೊಟ್ಟಣಕ್ಕೆ ಸರಾಸರಿ 1 ರೂಪಾಯಿಯಂತೆ ನಷ್ಟ 40. ಚಕ್ಕುಲಿ ಶೇ 20 ಇಳಿದು 800 ಆಗುತ್ತದೆ, ಖಜಾನೆಗೆ 1,600, ನಷ್ಟ 200. ಒಟ್ಟು 3,520 ರೂಪಾಯಿ ಬಂತು, ಅದಕ್ಕಾಗಿ 240 ರೂಪಾಯಿ ಆವಿಯಾಯಿತು. ಚಕ್ಕುಲಿಯಿಂದ ಬಂದ ಹಣ ಕಡಿಮೆ, ಆದರೆ ನಷ್ಟದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಅದರದ್ದೇ.

ಇದನ್ನು ನೋಡಿದವರಿಗೆ ತಟ್ಟನೆ ಹೊಳೆಯುವುದು: ಚಕ್ಕುಲಿ ತಂಟೆಯೇ ಬೇಡ, ಪೂರ್ತಿ ಉಪ್ಪಿನ ಮೇಲೇ ಹಾಕೋಣ. ಅದೇ 3,520 ರೂಪಾಯಿಯನ್ನು ಉಪ್ಪಿನಿಂದಲೇ ಎತ್ತಲು ಪೊಟ್ಟಣಕ್ಕೆ 3 ರೂಪಾಯಿ 81 ಪೈಸೆ ಹಾಕಬೇಕು. ಆಗ ನಷ್ಟ ಸುಮಾರು 145ಕ್ಕೆ ಇಳಿಯುತ್ತದೆ. ಪರವಾಗಿಲ್ಲ, ಆದರೆ ಇದೂ ಕನಿಷ್ಠವಲ್ಲ. ತೆರಿಗೆ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು ಎಂದೆವಲ್ಲ, ಅದು ಇಲ್ಲಿ ಕೆಲಸ ಮಾಡುತ್ತದೆ. ಉಪ್ಪಿನ ಮೇಲೆ ಕೊನೆಯದಾಗಿ ಹೇರಿದ ಪೈಸೆಗಳು ತುಂಬಾ ದುಬಾರಿ. ಚಕ್ಕುಲಿಯ ಮೇಲೆ ಮೊದಲ ಕೆಲವು ಪೈಸೆಗಳನ್ನು ಹಾಕಿದರೆ ಹೆಚ್ಚುಕಡಿಮೆ ಪುಕ್ಕಟೆ.

ಹಾಗಾದರೆ ರಾಮ್ಸೆ ಹೇಳಿದಂತೆ, ಉಪ್ಪಿನ ದರ ಚಕ್ಕುಲಿಯ ಐದು ಪಟ್ಟು. ಉಪ್ಪಿಗೆ 3 ರೂಪಾಯಿ 13 ಪೈಸೆ, ಚಕ್ಕುಲಿಗೆ 63 ಪೈಸೆ. ಉಪ್ಪು 937 ಪೊಟ್ಟಣ ಹೋಗುತ್ತದೆ, ಚಕ್ಕುಲಿಯೂ 937. ಖಜಾನೆಗೆ ಅದೇ 3,520ರ ಆಸುಪಾಸು. ನಷ್ಟ ಉಪ್ಪಿನಲ್ಲಿ 98, ಚಕ್ಕುಲಿಯಲ್ಲಿ 20, ಒಟ್ಟು 118. ಸಮಾನ ದರ ಹಾಕಿದಾಗ ಆಗಿದ್ದರ ಅರ್ಧಕ್ಕಿಂತ ಕಡಿಮೆ.

ಎರಡೂ 937ಕ್ಕೇ ಬಂದು ನಿಂತದ್ದು ಕಾಕತಾಳೀಯವಲ್ಲ. ರಾಮ್ಸೆಯ ಮೂಲ ಮಾತೇ ಅದು: ದರಗಳು ಸಮನಾಗಿರಬೇಕಿಲ್ಲ, ತೆರಿಗೆ ಬಿದ್ದ ಸರಕುಗಳೆಲ್ಲ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ತೆರಿಗೆ ಹಾಕುವ ಮುಂಚೆ ಅಂಗಡಿಯಲ್ಲಿ ಉಪ್ಪೂ ಚಕ್ಕುಲಿಯೂ ಯಾವ ಅಳತೆಯಲ್ಲಿ ಹೋಗುತ್ತಿದ್ದವೋ ಆಮೇಲೂ ಅದೇ ಅಳತೆಯಲ್ಲಿ ಹೋದರೆ, ಜನರ ಆಯ್ಕೆಯನ್ನು ತೆರಿಗೆ ಆದಷ್ಟು ಕಡಿಮೆ ಕೆಡಿಸಿದೆ ಎಂದರ್ಥ.

ಉಪ್ಪಿಗೇ ಅತಿ ಹೆಚ್ಚು ತೆರಿಗೆಯೇ?

ಇಲ್ಲಿ ಯಾರಿಗಾದರೂ ಕಸಿವಿಸಿಯಾಗಬೇಕು. ಬಿಟ್ಟಿರಲಾಗದ ವಸ್ತುವಿಗೆ ಹೆಚ್ಚು, ಶೋಕಿಗೆ ಕಡಿಮೆ ಎಂದು ಈ ನಿಯಮ ಹೇಳುತ್ತಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಬಿಟ್ಟದ್ದೇನು ಎಂದು ನೋಡಬೇಕು. ಹಂಚಿಕೆಯ ಪ್ರಶ್ನೆಯನ್ನು, ಅಂದರೆ ಬಡವನ ಒಂದು ರೂಪಾಯಿಗೂ ಸಿರಿವಂತನ ಒಂದು ರೂಪಾಯಿಗೂ ಇರುವ ತೂಕದ ವ್ಯತ್ಯಾಸವನ್ನು, ಈ ಲೆಕ್ಕದಲ್ಲಿ ಪೂರ್ತಿ ಪಕ್ಕಕ್ಕಿಟ್ಟಿದ್ದೇನೆ ಎಂದು ರಾಮ್ಸೆ ಲೇಖನದ ಆರಂಭದಲ್ಲೇ ತಿಳಿಸಿದ್ದರು. ನಿಯಮವನ್ನು ಉದ್ಧರಿಸುವವರು ಆ ಸಾಲನ್ನು ಬಿಟ್ಟುಬಿಡುವುದೇ ಜಾಸ್ತಿ.

ನಮ್ಮ ದೇಶಕ್ಕೆ ಉಪ್ಪಿನ ತೆರಿಗೆ ಪಠ್ಯದ ಉದಾಹರಣೆಯಲ್ಲ. ಬ್ರಿಟಿಷ್ ಸರ್ಕಾರಕ್ಕೆ ಅದು ನೆಚ್ಚಿನ ಆದಾಯವಾಗಿತ್ತು, ಕಾರಣ ಮೇಲೆ ಹೇಳಿದ್ದೇ: ಉಪ್ಪು ತಿನ್ನದೆ ಯಾರೂ ಇರಲಾರರು. 1923ರಲ್ಲಿ ಬಜೆಟ್ ಕೊರತೆ ತುಂಬಲು ಒಂದು ಮಣ ಉಪ್ಪಿನ ಮೇಲಿನ ಸುಂಕವನ್ನು 1 ರೂಪಾಯಿ 4 ಆಣೆಯಿಂದ 2 ರೂಪಾಯಿ 8 ಆಣೆಗೆ, ಒಂದೇ ಏಟಿಗೆ ಎರಡು ಪಟ್ಟು ಮಾಡಿದರು. ಮಣ ಎಂದರೆ ಸುಮಾರು 37 ಕಿಲೋ. ಶಾಸನಸಭೆ ಒಪ್ಪದಿದ್ದರೂ ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಜಾರಿಗೆ ತಂದರು. ಮರುವರ್ಷವೇ ಅದನ್ನು ಹಿಂದಿನ ಮಟ್ಟಕ್ಕೆ ಇಳಿಸಬೇಕಾಯಿತು.

ಕೂಲಿಯವನ ಮನೆಯಲ್ಲೂ ಜಮೀನ್ದಾರನ ಮನೆಯಲ್ಲೂ ತಲೆಗೆ ಬೇಕಾದ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಉಪ್ಪಿನ ತೆರಿಗೆ ಇಬ್ಬರಿಂದಲೂ ಒಂದೇ ಮೊತ್ತ ಕೀಳುತ್ತದೆ, ಅದು ಒಬ್ಬನ ಆದಾಯದಲ್ಲಿ ಕಣ್ಣಿಗೆ ಕಾಣುವ ಪಾಲು, ಇನ್ನೊಬ್ಬನದರಲ್ಲಿ ಲೆಕ್ಕಕ್ಕೇ ಬಾರದು. ಗೋಖಲೆಯವರು 1902ರ ಬಜೆಟ್ ಭಾಷಣದಲ್ಲೇ ಈ ಸುಂಕ ಇಳಿಸಿ ಎಂದು ಕೇಳಿದ್ದರು. 1930ರ ಏಪ್ರಿಲ್‌ನಲ್ಲಿ ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ಕೆಲವೇ ದಿನಗಳಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಕಾನೂನು ಮುರಿದರು. ಇಂದು ಜಿಎಸ್‌ಟಿಯಲ್ಲಿ ಉಪ್ಪಿನ ದರ ಸೊನ್ನೆ.

1971ರಲ್ಲಿ ಪೀಟರ್ ಡೈಮಂಡ್ ಮತ್ತು ಜೇಮ್ಸ್ ಮಿರ್ಲೀಸ್ ಈ ಬಿಟ್ಟುಹೋದ ಭಾಗವನ್ನು ಲೆಕ್ಕಕ್ಕೆ ಸೇರಿಸಿದರು. ಆಗ ನಿಯಮ ಬದಲಾಗುತ್ತದೆ: ಬಡವರ ಖರ್ಚಿನಲ್ಲಿ ದೊಡ್ಡ ಪಾಲು ಇರುವ ಸರಕು ಕಡಿಮೆ ಕುಗ್ಗಬೇಕು, ಅಂದರೆ ಅದರ ದರ ಇಳಿಯಬೇಕು. ಉಪ್ಪನ್ನು ಎಲಾಸ್ಟಿಸಿಟಿ ಮೇಲಕ್ಕೆ ಎಳೆಯುತ್ತದೆ, ಹಂಚಿಕೆ ಕೆಳಕ್ಕೆ ಎಳೆಯುತ್ತದೆ. ಯಾವುದು ಗೆಲ್ಲಬೇಕು ಎಂಬುದು ಬಡವನ ರೂಪಾಯಿಗೆ ಎಷ್ಟು ಹೆಚ್ಚು ತೂಕ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ಆ ತೂಕವನ್ನು ಗಣಿತ ಹೇಳಿಕೊಡುವುದಿಲ್ಲ.

ಡೀಸೆಲ್ ಏಕೆ ಬೇರೆ

ಈಗ ಬಂಕಿಗೆ ವಾಪಸು ಬರೋಣ. ಲಾರಿ ಓಡಲೇಬೇಕು, ಡೀಸೆಲ್ ಇಲ್ಲದೆ ಓಡದು. ಹಾಗೆ ನೋಡಿದರೆ ಡೀಸೆಲ್ ಕೂಡ ಉಪ್ಪಿನ ಜಾತಿಯದೇ. ಆದರೆ ಎಲಾಸ್ಟಿಸಿಟಿ ಸರಕಿನ ಮೈಗೆ ಅಂಟಿದ ಗುಣವಲ್ಲ. ತೆರಿಗೆ ಹಾಕುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಕೇಂದ್ರ ಸರ್ಕಾರ ಅಬಕಾರಿ ಸುಂಕ ಏರಿಸಿದರೆ ಲಾರಿಯವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಅದೇ ಸುಂಕ. ರಾಜ್ಯ ಸರ್ಕಾರ ಏರಿಸಿದರೆ ಗಡಿ ಇದೆ.

ದೂರದ ಲಾರಿಯ ಟ್ಯಾಂಕಿಗೆ 300–400 ಲೀಟರ್ ಹಿಡಿಯುತ್ತದೆ. ಗಡಿಯ ಆಚೆ ಲೀಟರಿಗೆ 3 ರೂಪಾಯಿ ಅಗ್ಗವಾಗಿದ್ದರೆ ಒಂದು ಸಲ ತುಂಬಿಸಿದರೆ ಸಾವಿರ ರೂಪಾಯಿಯಷ್ಟು ಉಳಿತಾಯ. ಹೇಗೂ ಅದೇ ಹೆದ್ದಾರಿಯಲ್ಲಿ ಹೋಗುವವನು ಅತ್ತಿಬೆಲೆಯಲ್ಲಿ ತುಂಬಿಸಬೇಕೋ ಹೊಸೂರಿನಲ್ಲೋ ಎಂದು ಲೆಕ್ಕ ಹಾಕದೆ ಇರುತ್ತಾನೆಯೇ? ಲಾರಿ ಸುಡುವ ಡೀಸೆಲ್ ಒಂದು ಲೀಟರೂ ಕಡಿಮೆಯಾಗಲಿಲ್ಲ, ಆದರೆ ಕರ್ನಾಟಕದಲ್ಲಿ ಬಿಲ್ ಆಗುವ ಡೀಸೆಲ್ ಕಡಿಮೆಯಾಯಿತು. ರಾಜ್ಯದ ಖಜಾನೆಗೆ ಲೆಕ್ಕವಾಗುವುದು ಎರಡನೆಯದು. ಪೆಟ್ರೋಲ್‌ಗೆ ಈ ಕಾಟ ಅಷ್ಟಿಲ್ಲ. ಸ್ಕೂಟರಿಗೆ ಐದು ಲೀಟರ್ ಹಾಕಿಸುವವನಿಗೆ 15 ರೂಪಾಯಿ ಉಳಿಸಲು ಬೆಂಗಳೂರಿನಿಂದ ಹೊಸೂರಿಗೆ ಹೋಗುವ ತಲೆನೋವು ಬೇಕಿಲ್ಲ. ಹಾಗಾಗಿ ರಾಜ್ಯದ ಕಣ್ಣಿನಲ್ಲಿ ಡೀಸೆಲ್‌ನ ಎಲಾಸ್ಟಿಸಿಟಿ ದೊಡ್ಡದು, ಪೆಟ್ರೋಲ್‌ನದು ಸಣ್ಣದು. ದರಗಳೂ ಅದೇ ದಿಕ್ಕಿನಲ್ಲಿವೆ. ಪಕ್ಕದ ರಾಜ್ಯದ ದರವನ್ನು ಪ್ರಸ್ತಾಪಿಸುವ ಹೇಳಿಕೆಯಲ್ಲಿ ಅಡಗಿರುವುದು ಈ ಅಳತೆಯೇ.

ಇದೊಂದೇ ಕಾರಣ ಎಂದು ತಿಳಿಯಬಾರದು. ಡೀಸೆಲ್ ತರಕಾರಿ ಸಾಗಿಸುತ್ತದೆ, ಟ್ರ್ಯಾಕ್ಟರ್ ಓಡಿಸುತ್ತದೆ. ಅದರ ಮೇಲಿನ ತೆರಿಗೆ ಟೊಮೇಟೊ ಬೆಲೆಯೊಳಗೂ ಇಟ್ಟಿಗೆ ಬೆಲೆಯೊಳಗೂ ಸೇರಿಕೊಂಡು, ಯಾವುದಕ್ಕೆ ಎಷ್ಟು ತೆರಿಗೆ ಬಿತ್ತು ಎಂಬುದೇ ಗೊತ್ತಾಗದಂತೆ ಮಾಡುತ್ತದೆ. ಜಿಎಸ್‌ಟಿಯಲ್ಲಾದರೆ ವ್ಯಾಪಾರಿ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿವೆ.

ಏರಿಕೆ ಎಡವಿತೋ ಇಲ್ಲವೋ ತಿಳಿಯುವುದು ಹೇಗೆ

2024ರ ಜೂನ್‌ನಲ್ಲಿ ಡೀಸೆಲ್ ದರ 14.34ರಿಂದ 18.44ಕ್ಕೆ ಹೋಯಿತು ಎಂದರೆ ದರವೇ ಶೇ 28ಕ್ಕಿಂತ ಸ್ವಲ್ಪ ಹೆಚ್ಚು ಏರಿತು. ಪೆಟ್ರೋಲ್ ದರ ಏರಿದ್ದು ಶೇ 15ರಷ್ಟು. ತೆರಿಗೆಗೆ ಮುಂಚಿನ ಬೆಲೆಯೂ ಮಾರಾಟವಾದ ಲೀಟರುಗಳೂ ಹಾಗೇ ಇದ್ದರೆ ಡೀಸೆಲ್‌ನಿಂದ ಬರುವ ಹಣವೂ ಶೇ 28 ಏರಬೇಕು. ಅದಕ್ಕಿಂತ ಎಷ್ಟು ಕಡಿಮೆ ಏರಿತೋ ಅಷ್ಟು ಗಿರಾಕಿಗಳು ಕೈತಪ್ಪಿದರು. ಗಡಿ ಜಿಲ್ಲೆಗಳ ಬಂಕುಗಳ ಮಾರಾಟ ಒಳನಾಡಿನ ಬಂಕುಗಳಿಗಿಂತ ಜಾಸ್ತಿ ಕುಸಿದಿದ್ದರೆ ಅವರು ಹೋದದ್ದು ಎಲ್ಲಿಗೆ ಎಂಬುದೂ ತಿಳಿಯುತ್ತದೆ. ಮಳೆ, ಸುಗ್ಗಿ, ಹಬ್ಬ ಇವೆಲ್ಲ ಮಾರಾಟವನ್ನು ಅಲ್ಲಾಡಿಸುವುದರಿಂದ ಒಂದು ತಿಂಗಳ ಅಂಕಿ ಹಿಡಿದು ತೀರ್ಮಾನಕ್ಕೆ ಬರುವಂತಿಲ್ಲ.

ಕಾಲವೂ ಅಂಕಿಯನ್ನು ಬದಲಿಸುತ್ತದೆ. ಪೆಟ್ರೋಲ್ ಏರಿದ ವಾರ ಯಾರೂ ಸ್ಕೂಟರ್ ಮಾರುವುದಿಲ್ಲ. ಮೂರು ವರ್ಷ ಬಿಟ್ಟು ಹೊಸ ಗಾಡಿ ಕೊಳ್ಳುವಾಗ ಎಲೆಕ್ಟ್ರಿಕ್ ಕಡೆ ಕಣ್ಣು ಹಾಯಿಸುತ್ತಾರೆ. ಇಂದಿನ ಸಣ್ಣ ಎಲಾಸ್ಟಿಸಿಟಿ ನೋಡಿ ಹಾಕಿದ ದೊಡ್ಡ ದರ ನಾಲ್ಕಾರು ವರ್ಷದಲ್ಲಿ ತಾನೇ ಆ ಎಲಾಸ್ಟಿಸಿಟಿಯನ್ನು ದೊಡ್ಡದು ಮಾಡಿರುತ್ತದೆ.

ಸಾವಿರ ಸರಕಿಗೆ ಸಾವಿರ ದರ ಏಕಿಲ್ಲ

ನಿಯಮವನ್ನು ಅಕ್ಷರಶಃ ಪಾಲಿಸಿದರೆ ಪ್ರತಿ ಸರಕಿಗೂ ಅದರದೇ ದರ ಬೇಕು. ಅಷ್ಟು ಸರಕುಗಳ ಎಲಾಸ್ಟಿಸಿಟಿಯನ್ನು ಯಾರೂ ಅಳೆದಿಟ್ಟಿಲ್ಲ. ಜತೆಗೆ ಸರಕುಗಳು ಉಪ್ಪು-ಚಕ್ಕುಲಿಯಂತೆ ಪರಸ್ಪರ ಸಂಬಂಧವಿಲ್ಲದೆ ಇರುವುದೂ ಅಪರೂಪ. ಕಾಫಿಗೆ ಹಾಕಿದರೆ ಟೀ ಮಾರಾಟ ಏರುತ್ತದೆ, ಆಗ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಇದೆಲ್ಲಕ್ಕಿಂತ ಮೊದಲು ಎದುರಾಗುವ ತೊಡಕು, ಯಾವುದು ಯಾವ ಸರಕು ಎಂಬುದು. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಪರೋಟ ಬಂದು ಕೂತಿತ್ತು. ರೊಟ್ಟಿಗೆ ಶೇ 5. ಪೊಟ್ಟಣದ ಪರೋಟ ರೊಟ್ಟಿಯ ಸಾಲಿಗೆ ಸೇರುತ್ತದೆಯೇ? ಇಲ್ಲ, ಅದನ್ನು ಮತ್ತೆ ಬಿಸಿ ಮಾಡಿ ತಿನ್ನಬೇಕು, ಹಾಗಾಗಿ ಶೇ 18 ಎಂದು ಪ್ರಾಧಿಕಾರ ಹೇಳಿತು. ದೇಶದ ತುಂಬ ನಗೆಚಟಾಕಿಗಳು ಹಾರಿದವು. ಎರಡು ದರಗಳ ನಡುವೆ ಅಂತರವಿದ್ದಲ್ಲೆಲ್ಲ ಇಂಥ ವ್ಯಾಜ್ಯ ಹುಟ್ಟುತ್ತದೆ, ವಕೀಲರ ಫೀಜು ಮತ್ತು ಅಧಿಕಾರಿಗಳ ಸಮಯ ಎರಡೂ ರಾಮ್ಸೆಯ ಲೆಕ್ಕದಲ್ಲಿಲ್ಲದ ನಷ್ಟ. ದರಗಳನ್ನು ನಾಲ್ಕಾರು ಹಂತಗಳಿಗೆ ಕಟ್ಟಿಹಾಕುವುದು ಈ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ 12 ಮತ್ತು 28ರ ಹಂತಗಳು ಹೋಗಿ ಮುಖ್ಯವಾಗಿ 5 ಮತ್ತು 18 ಉಳಿದವು, ಕೆಲವಕ್ಕೆ 40. ರೊಟ್ಟಿಯೂ ಪರೋಟವೂ ಅಂದಿನಿಂದ ಸೊನ್ನೆ ದರದಲ್ಲಿ ಒಂದೇ ಸಾಲಿನಲ್ಲಿವೆ.